ಸೆನ್ಸೇ ಅಂದ್ರೆ ಮಾಸ್ಟರ್ ಅಂತಾನಾ?

ಪ್ರಶ್ನೆ: ಮಗಳು ಕರಾಟೆಗೆ, ಮಗ ಜೂಡೋಗೆ ಹೋಗುತ್ತಾರೆ. ಮನೆಯಲ್ಲಿ ದಿನವೂ ಡೋಜೋ, ಸೆನ್ಸೇ, ಕಟಾ ಅಂತ ಮಾತು. ಈ ಪದಗಳ ನಿಜವಾದ ಅರ್ಥ ಏನು? ಅವಳ ಕಟಾ ಬೇರೆ, ಅವನ ‘ಕಟಾ ಗುರುಮಾ’ ಬೇರೆ ಅಂತ ಇಬ್ಬರಿಗೂ ಜಗಳ. ಯಾರು ಸರಿ?

ಉತ್ತರ: ಇಬ್ಬರ ಕಟಾ ಬೇರೆ ಬೇರೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

‘ಸೆನ್’ ಅಂದರೆ ಮೊದಲು, ‘ಸೇ’ ಅಂದರೆ ಹುಟ್ಟು. ಸೆನ್ಸೇ ಅಂದರೆ ಮೊದಲು ಹುಟ್ಟಿದವರು. ಇದರಲ್ಲಿ ಕುಸ್ತಿ, ಹೊಡೆದಾಟ ಏನೂ ಇಲ್ಲ. ಜಪಾನಿನಲ್ಲಿ ಶಾಲೆಯ ಮೇಷ್ಟ್ರು, ಡಾಕ್ಟರು, ವಕೀಲರು ಎಲ್ಲರೂ ಸೆನ್ಸೇಗಳೇ. ನಮ್ಮಲ್ಲಿ ಹೆಸರಿನ ಮುಂದೆ ‘ಮೇಷ್ಟ್ರು’ ಸೇರಿಸುವ ಹಾಗೆ ಅಲ್ಲೂ ಹೆಸರಾದ ಮೇಲೆ ಸೇರಿಸುತ್ತಾರೆ. ಆದರೆ ಬೇರೆಯವರು ಕರೆಯಬೇಕು, ‘ನಾನು ಇಂಥಾ ಸೆನ್ಸೇ’ ಅಂತ ತಾವೇ ಹೇಳಿಕೊಂಡರೆ ಅಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಮಕ್ಕಳು ಅಭ್ಯಾಸ ಮಾಡುವ ಜಾಗ ಡೋಜೋ. ಅದರಲ್ಲಿ ‘ಡೋ’ ದಾರಿ, ‘ಜೋ’ ಜಾಗ. ಜೂಡೋ, ಕೆಂಡೋಗಳ ಕೊನೆಯಲ್ಲಿರುವುದೂ ಇದೇ ‘ಡೋ’. ಮಜಾ ಏನೆಂದರೆ, ಈ ಪದ ಬಂದಿದ್ದು ಅಖಾಡದಿಂದಲ್ಲ, ಬೌದ್ಧ ಗ್ರಂಥಗಳಿಂದ. ಬುದ್ಧನಿಗೆ ಜ್ಞಾನೋದಯವಾದ ಜಾಗಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಅಂತಾರೆ. ಚೀನಾದ ಅನುವಾದಕರು ಅದಕ್ಕೆ ಬಳಸಿದ ಎರಡು ಅಕ್ಷರಗಳನ್ನೇ ಜಪಾನೀಯರು ಡೋಜೋ ಎಂದು ಓದಿದರು. ಝೆನ್ ಪಂಥದಲ್ಲಿ ಧ್ಯಾನ ಮಾಡುವ ಜಾಗಕ್ಕೆ ಈಗಲೂ ಆ ಹೆಸರಿದೆ. ಅಂದ ಹಾಗೆ, ಜಪಾನೀಯರ ಬಾಯಲ್ಲಿ ಅದು ‘ದೋಜೋ’ಗೆ ಹತ್ತಿರ, ಕಟಾ ‘ಕತ’ಕ್ಕೆ ಹತ್ತಿರ. ಇಂಗ್ಲಿಷ್ ಮೂಲಕ ಬಂದಿದ್ದರಿಂದ ನಮಗೆ ಡ, ಟ ಆಗಿವೆ.

ಈಗ ಜಗಳದ ವಿಷಯ. ಮಗಳು ಮಾಡುವ ಕಟಾ ಅಂದರೆ ಆಕಾರ, ಅಚ್ಚು. ಬ್ಲಾಕ್, ಪಂಚ್, ಒದೆತ, ತಿರುಗುವುದು, ಎಲ್ಲಾ ಗೊತ್ತುಪಡಿಸಿದ ಕ್ರಮದಲ್ಲೇ ಬರಬೇಕು. ಇದನ್ನು ಬರೆಯಲು ಎರಡು ಚಿತ್ರಾಕ್ಷರಗಳಿವೆ. ಒಂದಕ್ಕೆ ಆಕಾರ ಅಂತ ಅರ್ಥ. ಇನ್ನೊಂದಕ್ಕೆ ಅಚ್ಚು ಅಂತ. ಅದರ ಬುಡದಲ್ಲಿ ಮಣ್ಣಿನ ಗುರುತೂ ಇದೆ.

ಮಗನ ಕಟಾ ಗುರುಮಾದಲ್ಲಿ ಕಟಾ ಅಂದರೆ ಹೆಗಲು! ‘ಗುರುಮಾ’ ಅಂದರೆ ಚಕ್ರ. ‘ಕುರುಮಾ’ ಅನ್ನುವ ಪದವೇ ಜೋಡಿಯಾದಾಗ ಗುರುಮಾ ಆಗುತ್ತದೆ. ಎದುರಾಳಿಯನ್ನು ಎರಡೂ ಹೆಗಲ ಮೇಲೆ ಅಡ್ಡಡ್ಡ ಎತ್ತಿ, ಆಚೆ ಉರುಳಿಸಿ ಕೆಡವುವ ಪಟ್ಟು ಅದು. ಕೇಳಲು ಒಂದೇ ಥರ ಇದ್ದರೂ ಬರೆಯುವ ಅಕ್ಷರ ಬೇರೆ. ಮೂರನೆಯ ಕಟಾ ಕೂಡ ಇದೆ, ಅದಕ್ಕೆ ಅರ್ಥ ‘ಒಂದು ಕಡೆ’. ಐಕಿಡೋ ಅನ್ನುವ ಇನ್ನೊಂದು ಜಪಾನಿ ಸಮರಕಲೆಯ ‘ಕಟಾತೆ ದೋರಿ’ ಅಂದರೆ ಒಂದೇ ಕೈಯಿಂದ ಹಿಡಿಯುವುದು.

ಜೂಡೋದಲ್ಲೂ ಆಕಾರದ ಕಟಾ ಇದೆ ಅಂತ ಮಗನಿಗೆ ಹೇಳಿ. ‘ನಾಗೆ ನೋ ಕಟಾ’ ಅಂದರೆ ಎಸೆತಗಳ ಕಟಾ. ಅದರಲ್ಲಿ 15 ಎಸೆತಗಳು. ಮೂರನೆಯದೇ ಕಟಾ ಗುರುಮಾ. ಒಂದು ಕಟಾದ ಒಳಗೆ ಇನ್ನೊಂದು ಕಟಾ! ಗುರುತು ಹಿಡಿಯುವುದು ಕಷ್ಟವೇನಲ್ಲ. ಹೆಸರಿನ ಕೊನೆಯಲ್ಲಿ ‘ನೋ ಕಟಾ’ ಅಂತ ಬಂದರೆ ಅದು ಆಕಾರ. ಪಟ್ಟಿನ ಹೆಸರಿನ ಶುರುವಿನಲ್ಲೇ ಬಂದರೆ ಹೆಚ್ಚಾಗಿ ಹೆಗಲು, ಇಲ್ಲವೇ ಒಂದು ಕಡೆ.