ಮಣಿ ಯಾವ ನೀರಿನಲ್ಲಿತ್ತು?

"100 ನ್ಯಾನೊಮೀಟರ್ ಮಣಿಗಳಿಂದ ಪಿಎಸ್‌ಎಫ್ ಅಳೆದು ಡಿಕಾನ್ವಲ್ಯೂಷನ್ ಮಾಡಿದರೂ ಪ್ರತಿ ಕಣದ ಕೆಳಗೆ ನೆರಳು ಉಳಿಯುತ್ತಿದೆ. ಇಟರೇಷನ್ ಎಷ್ಟಕ್ಕೆ ಏರಿಸಬೇಕು?"

ಏರಿಸಲೇಬೇಡಿ. ಪಿಎಸ್‌ಎಫ್ ಎಂದರೆ ಒಂದು ಬಿಂದು ಸೂಕ್ಷ್ಮದರ್ಶಕದಲ್ಲಿ ಹರಡಿ ಕಾಣುವ ಆಕಾರ, ಡಿಕಾನ್ವಲ್ಯೂಷನ್ ಅದನ್ನು ಬಳಸಿ ಚಿತ್ರದ ಮಸುಕನ್ನು ಸುತ್ತು ಸುತ್ತಾಗಿ ಲೆಕ್ಕ ಹಾಕಿ ತೆಗೆಯುತ್ತದೆ. ಆ ಸುತ್ತುಗಳನ್ನು ನಾನು 20ರಿಂದ 50ಕ್ಕೆ, ಅಲ್ಲಿಂದ 100ಕ್ಕೆ ಏರಿಸಿ ನೋಡಿದ್ದೇನೆ. ನೆರಳು ಹೋಗುವ ಬದಲು ಇನ್ನೂ ಸ್ಪಷ್ಟವಾಯಿತು, ಹಿನ್ನೆಲೆಯ ನಾಯ್ಸ್ ಚುಕ್ಕೆಚುಕ್ಕೆಯಾಗಿ ಎದ್ದು ಕೂತಿತು.

ಆಗ ಕಾರವಾರದಲ್ಲಿದ್ದೆ. ಕಾಳಿ ನದಿ ಸಮುದ್ರ ಸೇರುವಲ್ಲಿ ನೀರು ತಂದು, ಅದರಲ್ಲಿನ ದೊಡ್ಡ ಡಯಾಟಮ್‌ಗಳ ಕ್ಲೋರೊಪ್ಲಾಸ್ಟ್ ನೋಡುತ್ತಿದ್ದೆ. ಕ್ಲೋರೊಫಿಲ್ ತಾನಾಗಿಯೇ ಕೆಂಪಗೆ ಹೊಳೆಯುತ್ತದೆ, ಬಣ್ಣ ಹಾಕಬೇಕಿಲ್ಲ. ಲೆನ್ಸ್ 60 ಪಟ್ಟಿನ, 1.4 ಎನ್‌ಎಯ ಆಯಿಲ್ ಲೆನ್ಸ್. ಪ್ರತಿ ಕ್ಲೋರೊಪ್ಲಾಸ್ಟಿನ ಕೆಳಗೂ ಮಸುಕಾದ ಇನ್ನೊಂದು ಕಾಣುತ್ತಿತ್ತು. ಅದು ಎರಡನೇ ಪದರವೆಂದೇ ನಂಬಿ ಮೂರು ವಾರ ಎಣಿಸಿದೆ.

ಚಿತ್ರ ನೋಡಿದ ನಮ್ಮ ಅಕ್ಕೋರು ಕೇಳಿದ್ದು ಒಂದೇ ಮಾತು: "ಮಣಿ ಯಾವ ನೀರಲ್ಲಿತ್ತೋ?"

ನೀರಿನಲ್ಲಿ ಇರಲೇ ಇಲ್ಲ. ಕವರ್‌ಸ್ಲಿಪ್‌ಗೆ ಮಣಿಗಳನ್ನು ಒಣಗಿಸಿ ಅಂಟಿಸಿ, ಗಟ್ಟಿಯಾಗುವ ಮೌಂಟಿಂಗ್ ಮೀಡಿಯಮ್ ಹಾಕಿದ್ದೆ. ಎಣ್ಣೆಯ ವಕ್ರೀಭವನ ಸೂಚ್ಯಂಕ 1.518, ಗಾಜು, ಮೀಡಿಯಮ್ ಎರಡೂ ಅದರ ಹತ್ತಿರವೇ. ಹಾಗಾಗಿ ಮಣಿಯ ಬಿಂಬ ಮೇಲೆ ಕೆಳಗೆ ಸಮವಾಗಿ, ಚೆಂದವಾಗಿ ಬಂತು. ಡಯಾಟಮ್ ಇದ್ದದ್ದು ಮಾತ್ರ ಸುಮಾರು 1.34ರ ಸಮುದ್ರದ ನೀರಿನಲ್ಲಿ, ಗಾಜಿನಿಂದ 20 ಮೈಕ್ರಾನ್ ಆಳದಲ್ಲಿ. ಅಲ್ಲಿಂದ ಬರುವ ಬೆಳಕಿನಲ್ಲಿ ಲೆನ್ಸಿನ ಅಂಚಿನ ಕಿರಣಗಳು ಒಂದು ಆಳಕ್ಕೆ, ನಡುವಿನವು ಇನ್ನೊಂದು ಆಳಕ್ಕೆ ಸೇರುತ್ತವೆ. ಬಿಂಬಕ್ಕೆ ಒಂದೇ ಬದಿಗೆ ಬಾಲ ಬೆಳೆಯುತ್ತದೆ. ರಿಚರ್ಡ್‌ಸನ್–ಲೂಸಿ ಎಂಬ ಡಿಕಾನ್ವಲ್ಯೂಷನ್ ವಿಧಾನಕ್ಕೆ ನಾನು ಕೊಟ್ಟ ಪಿಎಸ್‌ಎಫ್‌ನಲ್ಲಿ ಬಾಲವೇ ಇರಲಿಲ್ಲ. ಚಿತ್ರದಲ್ಲಿದ್ದ ಬಾಲಕ್ಕೆ ಲೆಕ್ಕ ಕೊಡಲು ಅದು ಅಲ್ಲೊಂದು ಕಣವನ್ನೇ ಕಟ್ಟಿತು. ಇಟರೇಷನ್ ಹೆಚ್ಚಿದಷ್ಟೂ ಆ ಸುಳ್ಳು ಕಣ ಗಟ್ಟಿಯಾಯಿತು.

ನಿಮ್ಮ ಸ್ಟ್ಯಾಕನ್ನು ಅಡ್ಡ ತಿರುಗಿಸಿ ಎಕ್ಸ್‌ಝಡ್ ನೋಟದಲ್ಲಿ ನೋಡಿ. ಗಾಜಿಗೆ ತಾಗಿದ ಕಣಕ್ಕೆ ನೆರಳಿಲ್ಲದೆ, ಆಳಕ್ಕೆ ಹೋದಂತೆ ನೆರಳು ಉದ್ದವಾಗುತ್ತಿದ್ದರೆ ನಿಮ್ಮದೂ ಇದೇ ತೊಂದರೆ.

ನಾನು ಮತ್ತೆ ಅಳೆದದ್ದು ಹೀಗೆ. ಅದೇ ಸಮುದ್ರದ ನೀರನ್ನು ಸೋಸಿ, ಕಡಿಮೆ ಬಿಸಿಗೆ ಕರಗುವ ಅಗರೋಸನ್ನು 1% ಮಾಡಿ, ಅದರಲ್ಲಿ ಮಣಿ ಬೆರೆಸಿದೆ. ಹಸಿರು ಮಣಿ ಬಿಟ್ಟು, ಕ್ಲೋರೊಫಿಲ್‌ನ ಅದೇ ಫಿಲ್ಟರಿನಲ್ಲಿ ಕಾಣುವ ಕಡುಗೆಂಪು ಮಣಿ ತೆಗೆದುಕೊಂಡೆ. ಎಣ್ಣೆ ಅದೇ, 0.17 ಮಿಲಿಮೀಟರ್ ಕವರ್‌ಸ್ಲಿಪ್ ಅದೇ. ಉಪ್ಪು ನೀರಿನಲ್ಲಿ ಮಣಿಗಳು ಗುಂಪುಗಟ್ಟುತ್ತವೆ, ಇದನ್ನು ಮರೆಯಬೇಡಿ. ತುಂಬಾ ಹೊಳೆಯುವವನ್ನು ಬಿಟ್ಟು, 20 ಮೈಕ್ರಾನ್ ಆಸುಪಾಸಿನ ಎಂಟು ಒಂಟಿ ಮಣಿಗಳನ್ನು ಆರಿಸಿ, ಹಿನ್ನೆಲೆ ಕಳೆದು, ಕೇಂದ್ರ ಹೊಂದಿಸಿ ಸರಾಸರಿ ತೆಗೆದೆ. ಈ ಪಿಎಸ್‌ಎಫ್ ನೋಡಲು ಕುರೂಪ, ಬಾಲವಿದೆ. ಅದನ್ನು ಕೊಟ್ಟು 20 ಇಟರೇಷನ್ ಓಡಿಸಿದ್ದಕ್ಕೇ "ಎರಡನೇ ಪದರ" ಮಾಯವಾಯಿತು.

ಒಂದು ಆಳದಲ್ಲಿ ಅಳೆದದ್ದು ಆ ಆಳಕ್ಕಷ್ಟೇ. ಫಲಿತಾಂಶದಲ್ಲಿ 15ರಿಂದ 25 ಮೈಕ್ರಾನ್‌ವರೆಗಿನ ಪದರಗಳನ್ನು ಮಾತ್ರ ನಾನು ಎಣಿಸುತ್ತೇನೆ. ವಾಟರ್ ಇಮ್ಮರ್ಶನ್ ಲೆನ್ಸ್ ಎರವಲು ಸಿಗುವಂತಿದ್ದರೆ ಮೊದಲು ಅದನ್ನೇ ತನ್ನಿ. ಅದರಲ್ಲಿ ಈ ಬಾಲ ಬಹುಪಾಲು ಹುಟ್ಟುವುದೇ ಇಲ್ಲ.