ಬೋರ್ಡಿನಲ್ಲಿ ಆರು, ಆಡಿಸಿದ್ದು ಎಂಟು

ನಮ್ಮ ಕೆಜಿಎಫ್‌ನಲ್ಲಿ ನಡೆದ ಫುಟ್‌ಬಾಲ್ ಫೈನಲ್‌ನಲ್ಲಿ ರೆಫರಿ ಮೊದಲರ್ಧಕ್ಕೆ ಒಂದೇ ನಿಮಿಷ ಇಂಜುರಿ ಟೈಮ್ ಕೊಟ್ಟರು. ಎರಡನೇ ಅರ್ಧಕ್ಕೆ ಬೋರ್ಡಿನಲ್ಲಿ 6 ತೋರಿಸಿ ಎಂಟು ನಿಮಿಷ ದಾಟಿಸಿ ಆಡಿಸಿದರು. ಎಂಟನೇ ನಿಮಿಷದಲ್ಲೇ ನಮ್ಮ ಮೇಲೆ ಗೋಲಾಯಿತು. ಇದಕ್ಕೆ ಲೆಕ್ಕ ಅಂತ ಇದೆಯಾ, ರೆಫರಿ ಮನಸ್ಸಿಗೆ ಬಂದಷ್ಟಾ? ನನ್ನ ತಮ್ಮ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ನೋಡಿ ಎರಡನೇ ಅರ್ಧದಲ್ಲಿ ಆಟ ನಿಂತ ಸಮಯದ ಪಟ್ಟಿ ಮಾಡಿ ಕಳಿಸಿದ್ದೇನೆ.
– ಓದುಗ, ರಾಬರ್ಟ್‌ಸನ್‌ಪೇಟೆ

ಲೆಕ್ಕ ಇದೆ. ಅದನ್ನು ನಿಮ್ಮ ಪಟ್ಟಿಯಿಂದಲೇ ಮಾಡಿ ನೋಡೋಣ.

ಫುಟ್‌ಬಾಲ್ ನಿಯಮಾವಳಿಯ 7ನೇ ನಿಯಮ ಯಾವುದಕ್ಕೆ ಸಮಯ ಸೇರಿಸಬೇಕೆಂದು ಹೇಳುತ್ತದೆ: ಆಟಗಾರರ ಬದಲಾವಣೆ, ಗಾಯಾಳುವನ್ನು ನೋಡುವುದು ಅಥವಾ ಹೊರಗೆ ಸಾಗಿಸುವುದು, ಬೇಕೆಂದೇ ಸಮಯ ಕಳೆಯುವುದು, ಕಾರ್ಡ್ ತೋರಿಸುವುದು, ಗೋಲಿನ ಸಂಭ್ರಮ, ನೀರಿನ ವಿರಾಮ, ವಿಡಿಯೊ ಪರಿಶೀಲನೆ. ಇವಲ್ಲದೆ ಆಟ ಮತ್ತೆ ಶುರುವಾಗಲು ಬೇರಾವ ಕಾರಣಕ್ಕಾದರೂ ಗಣನೀಯ ತಡವಾದರೆ ಅದೂ ಸೇರುತ್ತದೆ. ಮಾಮೂಲಿ ಥ್ರೋ ಇನ್, ಗೋಲ್ ಕಿಕ್, ಕಾರ್ನರ್‌ಗಳಿಗೆ ಹಿಡಿಯುವ ಸಮಯ ಮಾತ್ರ ಸೇರುವುದಿಲ್ಲ. ಅವು ಆಟದ ಭಾಗವೇ.

ನಿಮ್ಮ ಪಟ್ಟಿ ಹೀಗಿದೆ. 52ನೇ ನಿಮಿಷದಲ್ಲಿ ಗೋಲು; ಚೆಂಡು ಬಲೆ ಸೇರಿ ಮತ್ತೆ ಮಧ್ಯದಿಂದ ಒದೆಯುವವರೆಗೆ 70 ಸೆಕೆಂಡು. 61ರಲ್ಲಿ ಎರಡೂ ತಂಡಗಳಿಂದ ಇಬ್ಬಿಬ್ಬರ ಬದಲಾವಣೆ, 50 ಸೆಕೆಂಡು. 68ರಲ್ಲಿ ಗಾಯ, 140. 79ರಲ್ಲಿ ಬದಲಾವಣೆ, 40. 84ರಲ್ಲಿ ಹಳದಿ ಕಾರ್ಡ್, ಅದರ ಸುತ್ತ ವಾದ, 45. 88ರಲ್ಲಿ ಇನ್ನೊಂದು ಬದಲಾವಣೆ, 35. ಒಟ್ಟು 380 ಸೆಕೆಂಡು, ಅಂದರೆ 6 ನಿಮಿಷ 20 ಸೆಕೆಂಡು. ಬೋರ್ಡಿನಲ್ಲಿ ಸೆಕೆಂಡು ಬರುವುದಿಲ್ಲವಾದ್ದರಿಂದ 6 ಎಂದು ಬಂತು.

61ನೇ ನಿಮಿಷದ ಸಾಲನ್ನು ಗಮನಿಸಿ. ಹೊರಗೆ ಹೋದವರು ನಾಲ್ಕು ಜನ, ಆದರೆ ಆಟ ನಿಂತದ್ದು ಒಂದೇ ಸಲ. ತಲೆಗೆ ಇಂತಿಷ್ಟು ಎಂದು ಗುಣಿಸುವುದಲ್ಲ, ಆಟ ನಿಂತಷ್ಟು ಹೊತ್ತನ್ನು ಅಳೆಯುವುದು. ಬದಲಾವಣೆಗೆ ಅರ್ಧ ನಿಮಿಷ, ಗೋಲಿಗೆ ಅರ್ಧ ನಿಮಿಷ ಎಂಬ ಹಳೆಯ ಅಂದಾಜು ಇನ್ನೂ ಕೆಲವರಲ್ಲಿದೆ. ಕಡಿಮೆ ನಿಮಿಷ ಬರಲು ಅದೇ ಮುಖ್ಯ ಕಾರಣ. ನಿಮ್ಮ ಪಂದ್ಯದ 70 ಸೆಕೆಂಡಿನ ಗೋಲು ಆ ಲೆಕ್ಕದಲ್ಲಿ 30 ಆಗಿಬಿಡುತ್ತಿತ್ತು. 2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ನಿಜವಾಗಿ ನಿಂತ ಸಮಯವನ್ನೇ ಅಳೆಯಲು ರೆಫರಿಗಳಿಗೆ ಹೇಳಿತು. ಇರಾನ್ ಗೋಲ್‌ಕೀಪರ್ ತಲೆಗೆ ಪೆಟ್ಟು ಮಾಡಿಕೊಂಡ ಇಂಗ್ಲೆಂಡ್–ಇರಾನ್ ಪಂದ್ಯದ ಮೊದಲರ್ಧಕ್ಕೇ 14 ನಿಮಿಷ ಸೇರಿತು.

ನಿಮ್ಮ ಮೊದಲರ್ಧಕ್ಕೆ ಒಂದೇ ನಿಮಿಷ ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ. ಸಾಮಾನ್ಯವಾಗಿ ಬದಲಾವಣೆಗಳು ನಡೆಯುವುದು, ಮುಂದಿರುವ ತಂಡ ನಿಧಾನ ಮಾಡುವುದು ಎರಡನೇ ಅರ್ಧದಲ್ಲೇ. ಮಧ್ಯಂತರದಲ್ಲಿ ಮಾಡಿದ ಬದಲಾವಣೆಗೆ ಒಂದು ಸೆಕೆಂಡೂ ಸೇರುವುದಿಲ್ಲ.

ಇನ್ನು ಎಂಟನೇ ನಿಮಿಷ. ಬೋರ್ಡಿನಲ್ಲಿ ಕಾಣುವುದು ಕನಿಷ್ಠ ಸಮಯ. ಅದನ್ನು ರೆಫರಿ ಹೆಚ್ಚಿಸಬಹುದು, ಇಳಿಸುವಂತಿಲ್ಲ. ಬೋರ್ಡ್ ಎತ್ತಿದ ಮೇಲೆ ನಿಮ್ಮದೇ ಗೋಲ್‌ಕೀಪರ್ ಕಾಲು ಹಿಡಿದುಕೊಂಡು 90 ಸೆಕೆಂಡು ಮಲಗಿದರು, ನಂತರ ಎದುರಾಳಿಗಳ ಬದಲಾವಣೆಗೆ 30 ಸೆಕೆಂಡು ಹೋಯಿತು. 6:20ಕ್ಕೆ 2:00 ಕೂಡಿದರೆ 8:20. ಗೋಲು ಬಂದದ್ದು 7:40ರಲ್ಲಿ. ನಿಮಗೆ ನೋವಾಗುತ್ತದೆಂದು ಗೊತ್ತು, ಆದರೂ ಆ ಗೋಲು ಸಮಯದೊಳಗೇ ಬಂದಿದೆ.

ಹಾಗೆಂದು ಎಲ್ಲ ರೆಫರಿಗಳೂ 6 ಎನ್ನುತ್ತಿದ್ದರು ಎಂದಲ್ಲ. ಗೋಲ್ ಕಿಕ್‌ಗೆ ಎಷ್ಟು ಹೊತ್ತಾದರೆ ಅದು ಬೇಕೆಂದೇ ಮಾಡಿದ ನಿಧಾನ ಎನ್ನುವುದು ರೆಫರಿಯ ತೀರ್ಮಾನಕ್ಕೆ ಬಿಟ್ಟಿದ್ದು. ಹತ್ತು ಹತ್ತು ಸೆಕೆಂಡಿನ ಅಂಥ ಆರು ನಿಧಾನಗಳನ್ನು ಒಬ್ಬರು ಎಣಿಸಿ ಇನ್ನೊಬ್ಬರು ಬಿಟ್ಟರೆ ಅಲ್ಲೇ ಒಂದು ನಿಮಿಷದ ವ್ಯತ್ಯಾಸ. ಇಷ್ಟನ್ನು ನಾವು ಒಪ್ಪಿಕೊಳ್ಳಲೇಬೇಕು.

ನಿಜವಾದ ತಪ್ಪು ಆಗುವುದು ಗಡಿಯಾರದಲ್ಲಿ. ನಾಲ್ಕನೇ ಅಧಿಕಾರಿ ಇಲ್ಲದ ಸಣ್ಣ ಟೂರ್ನಿಗಳಲ್ಲಿ ಒಂದೇ ವಾಚನ್ನು ನಿಲ್ಲಿಸಿ, ಮತ್ತೆ ಓಡಿಸಲು ಮರೆತರೆ ಎಷ್ಟು ಆಟವಾಯಿತೆಂದೇ ತಿಳಿಯುವುದಿಲ್ಲ. ಅದಕ್ಕೇ ಎರಡು ವಾಚ್ ಬೇಕು. ಒಂದನ್ನು ಅರ್ಧ ಮುಗಿಯುವವರೆಗೆ ಮುಟ್ಟಬಾರದು. ಇನ್ನೊಂದು ಆಟ ನಿಂತಾಗ ಮಾತ್ರ ಓಡಬೇಕು. ಕೊನೆಗೆ ಅದರಲ್ಲಿರುವುದೇ ಸೇರಿಸಬೇಕಾದ ಸಮಯ. ಬಿಸಿಲಿನಲ್ಲಿ ನೀರಿನ ವಿರಾಮ ಕೊಟ್ಟರೆ ಅದೂ ಇದರಲ್ಲೇ ಬರಬೇಕು. ನೀರು ಕುಡಿಯಲಷ್ಟೇ ಆದರೆ ಒಂದು ನಿಮಿಷ ಮೀರಬಾರದು, ದೇಹ ತಂಪಾಗಿಸುವ ವಿರಾಮವಾದರೆ ಒಂದೂವರೆಯಿಂದ ಮೂರು ನಿಮಿಷ. ಮೊದಲರ್ಧವನ್ನು ತಪ್ಪಾಗಿ ಬೇಗ ಮುಗಿಸಿದ್ದರೆ ಆ ಕೊರತೆಯನ್ನು ಎರಡನೇ ಅರ್ಧ ಉದ್ದ ಮಾಡಿ ತುಂಬುವಂತಿಲ್ಲ.

ಸಮಯ ಮುಗಿದಾಗ ಚೆಂಡು ಗೋಲಿನ ಮುಂದೆಯೇ ಇದ್ದರೂ ದಾಳಿ ಮುಗಿಯುವವರೆಗೆ ರೆಫರಿ ಕಾಯಬೇಕಾಗಿಲ್ಲ. ಕಾಯಲೇಬೇಕಾದದ್ದು ಪೆನಾಲ್ಟಿ ಕಿಕ್‌ಗೆ ಮಾತ್ರ. ಅದು ಪೂರ್ತಿಯಾಗುವವರೆಗೆ ಅರ್ಧ ಮುಂದುವರಿಯುತ್ತದೆ.