ಒಪ್ಪಿಗೆಯ ವಿಚ್ಛೇದನ: ಆರು ತಿಂಗಳ ಕಾಯುವಿಕೆ ಮತ್ತು ಒಪ್ಪಂದ ಪತ್ರ

"ಮಾನ್ಯ ಸಂಪಾದಕರೇ, ನಾನು ಮತ್ತು ನನ್ನ ಪತಿ ಇಪ್ಪತ್ತು ತಿಂಗಳಿಂದ ಬೇರೆ ಬೇರೆ ಇದ್ದೇವೆ. ಐದು ವರ್ಷದ ಮಗಳು ನನ್ನೊಂದಿಗೆ ತವರಿನಲ್ಲಿದ್ದಾಳೆ. ನಾನು ಕೊಟ್ಟ ವರದಕ್ಷಿಣೆ ಕಿರುಕುಳದ ದೂರು ಇನ್ನೂ ನಡೆಯುತ್ತಿದೆ. ಈಗ ಹಿರಿಯರ ಸಮ್ಮುಖದಲ್ಲಿ ಇಬ್ಬರೂ ಒಪ್ಪಿ ಬಿಡುಗಡೆ ಪಡೆಯಲು ತೀರ್ಮಾನಿಸಿದ್ದೇವೆ. ಒಟ್ಟು ಹದಿನೈದು ಲಕ್ಷ ಎಂದು ಮಾತಾಗಿದೆ. ಆರು ತಿಂಗಳು ಕಾಯಲೇಬೇಕೆಂದು ಒಬ್ಬರು, ಬೇಕಿಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಒಪ್ಪಂದದಲ್ಲಿ ಏನು ಬರೆಸಬೇಕು? ನಡುವೆ ಅವರು ಹಿಂದೆ ಸರಿದರೆ ನನ್ನ ಗತಿಯೇನು?"
— ಹೆಸರು ಬೇಡ, ಹುಬ್ಬಳ್ಳಿ

ಸಹೋದರಿ, ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ನಿಮ್ಮ ವಿಷಯದಲ್ಲಿ ಯಾವುದು ಅನ್ವಯವಾಗುತ್ತದೆ ಎಂಬುದು ಬಹುಮಟ್ಟಿಗೆ ನಿಮ್ಮ ಒಪ್ಪಂದ ಪತ್ರ ಎಷ್ಟು ಪೂರ್ಣವಾಗಿದೆ ಎಂಬುದನ್ನು ಅವಲಂಬಿಸಿದೆ. ನಿಮ್ಮದು ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟ ಮದುವೆ ಎಂದು ಭಾವಿಸಿ ಬರೆಯುತ್ತಿದ್ದೇನೆ. ವಿಶೇಷ ವಿವಾಹ ಕಾಯ್ದೆಯಡಿ ಆದ ಮದುವೆಗೂ 28ನೇ ಕಲಮಿನಲ್ಲಿ ಹೆಚ್ಚು ಕಡಿಮೆ ಇದೇ ಕ್ರಮವಿದೆ.

1976ರ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 13ಬಿ ಕಲಮಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಅರ್ಜಿ ಸಲ್ಲಿಸಬೇಕು. ಅದರಲ್ಲಿ ಮೂರು ಸಂಗತಿಗಳನ್ನು ಹೇಳಬೇಕಾಗುತ್ತದೆ: ಕನಿಷ್ಠ ಒಂದು ವರ್ಷದಿಂದ ಬೇರೆಯಾಗಿದ್ದೇವೆ, ಒಟ್ಟಿಗೆ ಬಾಳುವುದು ನಮ್ಮಿಂದ ಆಗಲಿಲ್ಲ, ಮದುವೆ ರದ್ದಾಗಲಿ ಎಂದು ಇಬ್ಬರೂ ಒಪ್ಪಿದ್ದೇವೆ. ಬೇರೆಯಾಗಿರುವುದು ಎಂದರೆ ಬೇರೆ ಮನೆಯಲ್ಲೇ ಇರಬೇಕೆಂದಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ನೀವು ತವರಿನಲ್ಲೇ ಇರುವುದರಿಂದ ಈ ಪ್ರಶ್ನೆ ಏಳುವುದಿಲ್ಲ. ಹೆಂಡತಿ ಈಗ ವಾಸವಿರುವ ಊರಿನಲ್ಲಿಯೂ ಅರ್ಜಿ ಹಾಕಲು ಅವಕಾಶವಿರುವುದರಿಂದ ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಲಯವನ್ನೇ ನೀವು ಆರಿಸಿಕೊಳ್ಳಬಹುದು.

ಅರ್ಜಿಯನ್ನು ಸಲ್ಲಿಸಿ ಇಬ್ಬರ ಹೇಳಿಕೆ ದಾಖಲಾಗುವುದನ್ನು ವಕೀಲರು ಫಸ್ಟ್ ಮೋಷನ್ ಎನ್ನುತ್ತಾರೆ. ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ಮೀರುವುದರೊಳಗೆ, ಇಬ್ಬರೂ ಮತ್ತೆ ನ್ಯಾಯಾಧೀಶರ ಮುಂದೆ ಬಂದು ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಕೋರುವುದು ಎರಡನೆಯ ಹಂತ. ಈ ಆರು ತಿಂಗಳನ್ನು ಶಾಸಕಾಂಗ ಇಟ್ಟದ್ದು ದುಡುಕಿ ಬಂದವರಿಗೆ ಮರುಯೋಚನೆಗೆ ಸಮಯ ಸಿಗಲಿ ಎಂದು. ಈ ಉದ್ದೇಶವನ್ನು ಗಮನದಲ್ಲಿಟ್ಟುಕೊಂಡೇ ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರ್‌ನಲ್ಲಿ, ಅಮರದೀಪ್ ಸಿಂಗ್ ಪ್ರಕರಣದಲ್ಲಿ, ಆರು ತಿಂಗಳ ಅವಧಿ ಕಡ್ಡಾಯವಲ್ಲ, ಸೂಕ್ತ ಸಂದರ್ಭದಲ್ಲಿ ಕೌಟುಂಬಿಕ ನ್ಯಾಯಾಲಯವೇ ಅದನ್ನು ಮನ್ನಾ ಮಾಡಬಹುದು ಎಂದು ತೀರ್ಪಿತ್ತಿತು.

ಮನ್ನಾ ಮಾಡುವ ಮುನ್ನ ನ್ಯಾಯಾಲಯ ಏನನ್ನು ನೋಡಬೇಕೆಂಬುದನ್ನೂ ಆ ತೀರ್ಪು ಹೇಳಿದೆ. ಅರ್ಜಿ ಹಾಕುವ ಹೊತ್ತಿಗೇ ಒಂದು ವರ್ಷದ ಪ್ರತ್ಯೇಕ ವಾಸದ ಮೇಲೆ ಇನ್ನೂ ಆರು ತಿಂಗಳು, ಅಂದರೆ ಒಟ್ಟು ಹದಿನೆಂಟು ತಿಂಗಳು, ಕಳೆದಿರಬೇಕು. ಒಂದುಗೂಡಿಸುವ ಯತ್ನಗಳು ವಿಫಲವಾಗಿರಬೇಕು. ಜೀವನಾಂಶ, ಮಗುವಿನ ವಶ ಮತ್ತು ಬಾಕಿ ಇರುವ ಇತರ ವಿಷಯಗಳು ನಿಜವಾಗಿಯೂ ಇತ್ಯರ್ಥವಾಗಿರಬೇಕು. ಇನ್ನಷ್ಟು ಕಾಯಿಸಿದರೆ ಸಂಕಟ ಬೆಳೆಯುವುದೇ ಹೊರತು ಬೇರೆ ಪ್ರಯೋಜನವಿಲ್ಲ ಎನಿಸಬೇಕು. ಫಸ್ಟ್ ಮೋಷನ್ ಆಗಿ ಒಂದು ವಾರದ ನಂತರ ಕಾರಣಗಳನ್ನು ವಿವರಿಸಿ ಮನ್ನಾ ಕೋರುವ ಅರ್ಜಿ ಹಾಕಬಹುದು. ನೀವು ಬೇರೆಯಾಗಿ ಇಪ್ಪತ್ತು ತಿಂಗಳಾಗಿರುವುದರಿಂದ ಮೊದಲ ಷರತ್ತು ಪೂರೈಸಿದೆ. ಆದರೆ "ಒಟ್ಟು ಹದಿನೈದು ಲಕ್ಷ ಎಂದು ಮಾತಾಗಿದೆ" ಎಂಬ ನಿಮ್ಮ ಸಾಲನ್ನು ನೋಡಿದರೆ ಮೂರನೆಯ ಷರತ್ತು ಇನ್ನೂ ಪೂರೈಸಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಮೊತ್ತ ನಿಗದಿಯಾದ ಮಾತ್ರಕ್ಕೆ ಇತ್ಯರ್ಥವಾದಂತಲ್ಲ. ಮನ್ನಾ ಕೊಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಅದು ನಿಮ್ಮ ಹಕ್ಕಲ್ಲ ಎಂಬುದೂ ನೆನಪಿರಲಿ.

ಒಪ್ಪಿಗೆಯ ಪ್ರಕರಣದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಮೊತ್ತವನ್ನು ತಾನಾಗಿ ನಿಗದಿ ಮಾಡುವುದಿಲ್ಲ. ಒಪ್ಪಿಗೆ ಬಲವಂತ, ವಂಚನೆ ಅಥವಾ ಅನುಚಿತ ಪ್ರಭಾವದಿಂದ ಬಂದದ್ದಲ್ಲ ಎಂದು ಖಚಿತಪಡಿಸಿಕೊಳ್ಳುವುದು 23ನೇ ಕಲಮಿನ ಪ್ರಕಾರ ಅದರ ಕರ್ತವ್ಯ. ಹಾಗಾಗಿ ನ್ಯಾಯಾಧೀಶರು ನಿಮ್ಮನ್ನು ನೇರವಾಗಿ ಪ್ರಶ್ನಿಸಬಹುದು: ಒಪ್ಪಂದವನ್ನು ಓದಿದ್ದೀರಾ, ಮೊತ್ತ ನಿಮಗೆ ಒಪ್ಪಿಗೆಯೇ, ಯಾರಾದರೂ ಒತ್ತಾಯಿಸಿದರೇ, ಒಡವೆ ವಾಪಸು ಬಂದಿದೆಯೇ ಎಂದು. ಪತಿಯ ಆದಾಯ, ಆಸ್ತಿ, ಸಾಲಗಳ ವಿವರ ತಿಳಿಯದೆ ಹಿರಿಯರು ಹೇಳಿದ ಅಂಕಿಗೆ ತಲೆಯಾಡಿಸಿದ್ದರೆ ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ಕಷ್ಟವಾಗುತ್ತದೆ. ಸಹಿಗೆ ಮುನ್ನ ಇಬ್ಬರೂ ಆದಾಯ ಮತ್ತು ಆಸ್ತಿಯ ವಿವರವನ್ನು ಪ್ರಮಾಣಪತ್ರದ ರೂಪದಲ್ಲಿ ವಿನಿಮಯ ಮಾಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ನಿಮ್ಮ ಒಡವೆಗಳು ಸ್ತ್ರೀಧನ, ಅಂದರೆ ಪೂರ್ಣವಾಗಿ ನಿಮ್ಮದೇ ಆಸ್ತಿ. ಅವನ್ನು ತೂಕಸಹಿತ ಪಟ್ಟಿ ಮಾಡಿ, ಹದಿನೈದು ಲಕ್ಷದೊಳಗೆ ಸೇರಿಸದೆ, ಪ್ರತ್ಯೇಕವಾಗಿ ಹಿಂದಿರುಗಿಸುವಂತೆ ಬರೆಸಿ.

ಹಣ ಯಾವಾಗ, ಹೇಗೆ ಬರುತ್ತದೆ ಎಂಬುದರಲ್ಲೇ ಹೆಚ್ಚಿನ ಒಪ್ಪಂದಗಳು ಎಡವುತ್ತವೆ. ರೂಢಿಯಲ್ಲಿರುವ ಒಂದು ಬಗೆಯನ್ನು ನಿಮ್ಮ ಮೊತ್ತಕ್ಕೇ ಅನ್ವಯಿಸಿ ನೋಡೋಣ. ಫಸ್ಟ್ ಮೋಷನ್ ದಿನ ಐದು ಲಕ್ಷ, ಡಿಕ್ರಿಯಾಗುವ ದಿನ ಐದು ಲಕ್ಷ, ಕ್ರಿಮಿನಲ್ ಪ್ರಕರಣ ರದ್ದಾದ ದಿನ ಉಳಿದ ಐದು ಲಕ್ಷ. ನೋಡಲು ನ್ಯಾಯಸಮ್ಮತವಾಗಿದೆ. ಆದರೆ ಮೂರನೆಯ ಕಂತಿನಲ್ಲಿ ಒಂದು ತೊಡಕಿದೆ. ನಿಮ್ಮ ಕಿರುಕುಳದ ದೂರಿಗೆ ಅನ್ವಯಿಸುವ ಐಪಿಸಿ 498ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಅಪರಾಧ, ಕರ್ನಾಟಕದಲ್ಲಿ ಇಬ್ಬರೇ ಕೂತು ರಾಜಿ ಮಾಡಿಕೊಂಡು ಮುಗಿಸಬಹುದಾದದ್ದಲ್ಲ. ಅದನ್ನು ಹೈಕೋರ್ಟ್ ರದ್ದುಪಡಿಸಬೇಕು, ನಿಮಗೆ ಅದು ಧಾರವಾಡ ಪೀಠ. ರದ್ದತಿ ಕೋರುವ ಅರ್ಜಿಯನ್ನು ಹಾಕಬೇಕಾದವರು ಆರೋಪಿಗಳು, ಅಂದರೆ ನಿಮ್ಮ ಪತಿ ಮತ್ತು ದೂರಿನಲ್ಲಿ ಹೆಸರಿರುವ ಅವರ ಮನೆಯವರು. ನೀವು ಆಕ್ಷೇಪವಿಲ್ಲವೆಂದು ಪ್ರಮಾಣಪತ್ರ ಕೊಡುವಿರಿ. ಅವರು ಅರ್ಜಿಯನ್ನೇ ಹಾಕದೆ ವರ್ಷ ದೂಡಿದರೆ, ನೀವು ನಿಮ್ಮ ಭಾಗದ ಕೆಲಸ ಮುಗಿಸಿಯೂ ಕೊನೆಯ ಐದು ಲಕ್ಷಕ್ಕೆ ಕಾಯುತ್ತಲೇ ಇರಬೇಕಾಗುತ್ತದೆ.

ಆದ್ದರಿಂದ ಮೂರನೆಯ ಕಂತನ್ನು "ಪತ್ನಿಯು ಆಕ್ಷೇಪರಹಿತ ಪ್ರಮಾಣಪತ್ರಕ್ಕೆ ಸಹಿ ಮಾಡಿಕೊಟ್ಟ ದಿನ, ಅಥವಾ ಡಿಕ್ರಿಯಾಗಿ ಅರವತ್ತು ದಿನ, ಯಾವುದು ಮೊದಲೋ ಅಂದು" ಎಂಬಂತೆ ಬರೆಸಿ. ಆ ಹಣವನ್ನು ಮೊದಲೇ ನ್ಯಾಯಾಲಯದಲ್ಲಿ ಠೇವಣಿ ಇಡಲು ಅವರು ಒಪ್ಪಿದರೆ ಇನ್ನೂ ಭದ್ರ. ಅವರ ಕಡೆಯ ಆತಂಕವೂ ನ್ಯಾಯವಾದದ್ದೇ: ಹಣ ಪಡೆದು ದೂರನ್ನು ಮುಂದುವರಿಸಿದರೆ ಎಂಬ ಭಯ ಅವರಿಗಿರುತ್ತದೆ. ಠೇವಣಿಯಿಂದ ಇಬ್ಬರ ಭಯವೂ ತಗ್ಗುತ್ತದೆ. ಡಿಡಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಡಿಡಿಗೆ ಮೂರು ತಿಂಗಳ ಅವಧಿ ಮಾತ್ರ ಇರುತ್ತದೆ. ಫಸ್ಟ್ ಮೋಷನ್ ದಿನವೇ ಎಲ್ಲ ಡಿಡಿಗಳನ್ನು ತೆಗೆಸಿ ವಕೀಲರ ಬಳಿ ಇಟ್ಟರೆ, ಆರು ತಿಂಗಳ ಅವಧಿ ಮನ್ನಾ ಆಗದಿದ್ದಲ್ಲಿ ಎರಡನೆಯ ಹಂತದ ಹೊತ್ತಿಗೆ ಅವು ಅವಧಿ ಮೀರಿರುತ್ತವೆ.

ಮಗಳ ವಿಷಯವನ್ನು ನಿಮ್ಮ ಹದಿನೈದು ಲಕ್ಷದೊಂದಿಗೆ ಬೆರೆಸಬೇಡಿ. "ಪತ್ನಿ ಮತ್ತು ಮಗುವಿನ ಸಕಲ ಹಕ್ಕುಗಳ ಪೂರ್ಣ ಚುಕ್ತಾ" ಎಂಬ ಸಾಲು ಕರಡಿನಲ್ಲಿ ಇದ್ದರೆ ತೆಗೆಸಿಹಾಕಿ. ನಿಮ್ಮ ಮುಂದಿನ ಜೀವನಾಂಶದ ಹಕ್ಕನ್ನು ಇಡುಗಂಟಿನ ಎದುರು ನೀವು ಬಿಟ್ಟುಕೊಡಬಹುದು. ಮಗುವಿನ ಪೋಷಣೆಯ ಹಕ್ಕು ಮಗುವಿನದು, ಅದನ್ನು ತಾಯಿ ಬಿಟ್ಟುಕೊಟ್ಟರೂ ಅದು ಮಗುವನ್ನು ಕಟ್ಟಿಹಾಕುವುದಿಲ್ಲ. ಅದಕ್ಕೆ ತಿಂಗಳ ಮೊತ್ತ, ಪ್ರತಿ ವರ್ಷ ಏರಿಕೆಯ ಪ್ರಮಾಣ, ಶಾಲಾ ಶುಲ್ಕ ಮತ್ತು ಆಸ್ಪತ್ರೆ ಖರ್ಚಿನಲ್ಲಿ ತಂದೆಯ ಪಾಲು, ಹಣ ಬರಬೇಕಾದ ಖಾತೆ, ಇವನ್ನು ಬೇರೆಯಾಗಿ ನಮೂದಿಸಬೇಕು. ತಂದೆ ಮಗಳನ್ನು ಕಾಣುವುದನ್ನು "ಅನುಕೂಲವಾದಾಗ" ಎಂದು ಬಿಡಬಾರದು. ತಿಂಗಳ ಯಾವ ಭಾನುವಾರ, ಎಲ್ಲಿ, ಎಷ್ಟು ಹೊತ್ತು, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ಪಾಸ್‌ಪೋರ್ಟ್ ಅರ್ಜಿಗೆ ಇಬ್ಬರೂ ಸಹಿ ಮಾಡುವರೇ ಎಂಬಷ್ಟು ಬಿಡಿಬಿಡಿಯಾಗಿ ಬರೆಯಬೇಕು. ಮುಂದೆ ಪರಿಸ್ಥಿತಿ ಬದಲಾದರೆ 26ನೇ ಕಲಮಿನಡಿ ನ್ಯಾಯಾಲಯ ಈ ಏರ್ಪಾಟನ್ನು ಮಾರ್ಪಡಿಸಬಹುದು. ಮಗಳ ಹಿತವೇ ಅಲ್ಲಿ ಅಳತೆಗೋಲು.

ನೀವು ಬರೆದಿಲ್ಲವಾದರೂ ಇಬ್ಬರ ಹೆಸರಿನಲ್ಲಿ ಮನೆ ಮತ್ತು ಸಾಲ ಇದ್ದರೆ ಇದನ್ನೂ ಗಮನಿಸಿ. "ಇನ್ನು ಮುಂದೆ ಸಾಲವನ್ನು ಪತಿಯೇ ತೀರಿಸತಕ್ಕದ್ದು" ಎಂಬ ಷರತ್ತು ನಿಮ್ಮಿಬ್ಬರ ನಡುವಿನದು ಮಾತ್ರ. ಬ್ಯಾಂಕ್ ಅದರಲ್ಲಿ ಪಕ್ಷಕಾರವಲ್ಲ. ನಿಮ್ಮನ್ನು ಸಹಸಾಲಗಾರರ ಸ್ಥಾನದಿಂದ ಬಿಡುಗಡೆ ಮಾಡಿ ಬ್ಯಾಂಕ್ ಲಿಖಿತವಾಗಿ ತಿಳಿಸುವವರೆಗೆ ಕಂತು ತಪ್ಪಿದರೆ ನೋಟಿಸು ನಿಮಗೂ ಬರುತ್ತದೆ. ಆ ಪತ್ರ ಕೈಗೆ ಬಂದ ಮೇಲೆಯೇ ನಿಮ್ಮ ಪಾಲಿನ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿ ಕೊಡಿ.

ಈಗ ಹಿಂದೆ ಸರಿಯುವ ಪ್ರಶ್ನೆ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂಬುದು ಸುರೇಷ್ಟಾ ದೇವಿ ತೀರ್ಪಿನ ತಿರುಳು. ಎರಡನೆಯ ಹಂತಕ್ಕೆ ಒಬ್ಬರು ಬಾರದಿದ್ದರೆ ಮೌನವನ್ನೇ ಸಮ್ಮತಿ ಎಂದು ಭಾವಿಸಿ ಡಿಕ್ರಿ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ, ಸ್ಮೃತಿ ಪಹಾರಿಯಾ ಪ್ರಕರಣದಲ್ಲಿ, ಹೇಳಿದೆ. ಆದ್ದರಿಂದ ನಿಮ್ಮ ಪತಿ ಮನಸ್ಸು ಬದಲಿಸಿದರೆ ನಿಮಗೆ ಈ ಅರ್ಜಿಯಲ್ಲಿ ವಿಚ್ಛೇದನ ಸಿಗುವುದಿಲ್ಲ. ಕ್ರೌರ್ಯ ಅಥವಾ ಪರಿತ್ಯಾಗದ ಆಧಾರದ ಮೇಲೆ 13ನೇ ಕಲಮಿನಡಿ ಬೇರೆ ದಾವೆ ಹೂಡಬೇಕಾಗುತ್ತದೆ. ಆ ಕಾರಣಕ್ಕೇ ಡಿಕ್ರಿಯಾಗುವ ಮುನ್ನ ದೂರನ್ನು ಮುಗಿಸುವ ಸಹಿಯನ್ನಾಗಲಿ, ಬಾಕಿಯಿರುವ ಜೀವನಾಂಶದ ಅರ್ಜಿಯ ವಾಪಸಾತಿಯನ್ನಾಗಲಿ ಮಾಡಬೇಡಿ. ಹಿಂದೆ ಸರಿದರೆ ಈಗಾಗಲೇ ಪಾವತಿಯಾದ ಮೊದಲ ಕಂತು ಏನಾಗಬೇಕು, ಮುಂದಿನ ಜೀವನಾಂಶದಲ್ಲಿ ಅದು ವಜಾ ಆಗುವುದೇ ಎಂಬುದನ್ನೂ ಒಪ್ಪಂದದಲ್ಲೇ ಬರೆಸಿ. ಈ ಸಾಲು ಇಲ್ಲದ ಒಪ್ಪಂದ ಮುರಿದಾಗ ಐದು ಲಕ್ಷದ ಸುತ್ತಲೇ ಹೊಸ ವ್ಯಾಜ್ಯ ಶುರುವಾಗುತ್ತದೆ.

ಡಿಕ್ರಿಯಾದ ದಿನದಿಂದಲೇ ಮದುವೆ ರದ್ದಾಗುತ್ತದೆ. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಅವಕಾಶ ಕೊಟ್ಟಿಲ್ಲ. ಅಲ್ಲಿಗೆ ಬಂದ ಮೇಲೆ ಷರತ್ತು ಬದಲಿಸುವುದು ಕಷ್ಟ. ಕರಡು ಕೈಗೆ ಬಂದಾಗ, ನಿಮ್ಮ ಪತಿಯ ಕಡೆಯವರೇ ವಕೀಲರನ್ನು ಗೊತ್ತುಮಾಡಿದ್ದರೆ ವಿಶೇಷವಾಗಿ, ಅದನ್ನು ನಿಮ್ಮ ಪರವಾದ ಇನ್ನೊಬ್ಬ ವಕೀಲರಿಗೆ ಓದಿಸಿ. ಶುಲ್ಕ ಕೊಡುವುದು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಕರಡು, ಮದುವೆಯ ದಾಖಲೆ ಮತ್ತು ದೂರಿನ ಪ್ರತಿಯೊಂದಿಗೆ ಹೋಗಿ.

— ಸಂಪಾದಕ